ಹೇಳದೆ ಹೋದವರ ಲೆಕ್ಕ

ಸಣ್ಣ ಊರಿನ ಬ್ಯೂಟಿ ಪಾರ್ಲರುಗಳಲ್ಲಿ ಕನ್ನಡಿಯಷ್ಟೇ ಖಾಯಮ್ಮಾದ ಇನ್ನೊಂದು ವಸ್ತು ಇರುತ್ತದೆ. ಅದು ಕೌಂಟರಿನ ಮೇಲಿನ ಉದ್ದನೆಯ ನೋಟ್‌ಬುಕ್. ಅದಕ್ಕೆ ದಾರ ಕಟ್ಟಿದ ಒಂದು ಪೆನ್ನು, ಹಾಳೆಯ ಅಂಚಿನಲ್ಲಿ ಮೆಹಂದಿಯ ಕಲೆ, ಒಳಗೆ ದಿನಕ್ಕೊಂದು ಪುಟ. ‘11 ಗಂಟೆ, ಸವಿತಾ, ಐಬ್ರೋ ಮತ್ತು ಅಪ್ಪರ್ ಲಿಪ್, 70’, ‘12.30, ಬ್ಯಾಂಕ್ ಮೇಡಂ, ಫೇಶಿಯಲ್, 800’, ‘4 ಗಂಟೆ, ಟೀಚರ್ ಮಗಳು, ಹೇರ್ ಕಟ್’. ಯಾರು ಎಷ್ಟು ಹೊತ್ತಿಗೆ ಬರುತ್ತಾರೆಂದು ಮರೆಯದಿರಲಿ ಎಂದು ಬರೆದಿಟ್ಟದ್ದು. ಆ ದಿನ ಕಳೆದ ಮೇಲೆ ಆ ಪುಟವನ್ನು ಯಾರೂ ತಿರುಗಿಸಿ ನೋಡುವುದಿಲ್ಲ. ವರ್ಷ ಮುಗಿದರೆ ಪುಸ್ತಕ ಅಟ್ಟಕ್ಕೆ ಹೋಗುತ್ತದೆ, ಇಲ್ಲವೇ ರದ್ದಿಗೆ.

ಪಾರ್ಲರಿನ ಒಡತಿಯನ್ನು ‘ವ್ಯಾಪಾರ ಹೇಗಿದೆ?’ ಎಂದು ಕೇಳಿದರೆ ‘ಪರವಾಗಿಲ್ಲ, ಜನ ಬರ್ತಾ ಇದಾರೆ’ ಎನ್ನುತ್ತಾರೆ. ಜನ ಬರುತ್ತಿರುವುದು ನಿಜವೇ. ಆದರೆ ಮೂರು ತಿಂಗಳ ಹಿಂದೆ ಬಂದವರೇ ಈಗಲೂ ಬರುತ್ತಿದ್ದಾರೋ, ಅವರು ಹೋಗಿ ಆ ಜಾಗಕ್ಕೆ ಬೇರೆಯವರು ಬಂದಿದ್ದಾರೋ ಎಂಬುದು ಕುರ್ಚಿ ತುಂಬಿರುವುದನ್ನು ನೋಡಿದರೆ ತಿಳಿಯುವುದಿಲ್ಲ. ಗಲ್ಲಾಪೆಟ್ಟಿಗೆಯೂ ಅದನ್ನು ಹೇಳುವುದಿಲ್ಲ, ಅದಕ್ಕೆ ಹಣದ ಗುರುತಿದೆಯೇ ಹೊರತು ಮುಖದ ಗುರುತಿಲ್ಲ. ಹೇಳಬಲ್ಲದ್ದು ಆ ನೋಟ್‌ಬುಕ್ ಒಂದೇ. ಅದನ್ನು ಕೇಳಬೇಕಾದ ಪ್ರಶ್ನೆಗಳೂ ಎರಡೇ: ಬಂದವರಲ್ಲಿ ಎಷ್ಟು ಜನ ಮತ್ತೆ ಬಂದರು? ಒಬ್ಬೊಬ್ಬರೂ ಸರಾಸರಿ ಎಷ್ಟು ಖರ್ಚು ಮಾಡಿದರು?

ಕೇಳಲು ಇಷ್ಟು ಸರಳವಾದ ಈ ಎರಡು ಪ್ರಶ್ನೆಗಳಿಗೆ ತಪ್ಪು ಉತ್ತರ ಪಡೆಯುವುದು ಅದಕ್ಕಿಂತಲೂ ಸರಳ. ಮನೆಗೆ ಹಾಲು ಹಾಕುವವನಿಗೆ, ಪೇಪರ್ ಹುಡುಗನಿಗೆ, ಕೇಬಲ್‌ನವನಿಗೆ ಗಿರಾಕಿ ಯಾವತ್ತು ಬಿಟ್ಟರು ಎಂದು ತಾರೀಖಿನ ಸಮೇತ ಗೊತ್ತಿರುತ್ತದೆ. ‘ಒಂದನೇ ತಾರೀಖಿನಿಂದ ಬೇಡಪ್ಪಾ’ ಎಂದು ಹೇಳಿಯೇ ಬಿಡುತ್ತಾರೆ. ಪಾರ್ಲರಿಗೆ ಬರುವವರು ಹಾಗೆ ಹೇಳಿಹೋಗುವುದಿಲ್ಲ. ಹೋಗುವಾಗ ನಗುತ್ತಲೇ ‘ಬರ್ತೀನಿ’ ಎಂದು ಹೇಳಿ ಹೋದವರು ಮುಂದಿನ ತಿಂಗಳು ಇನ್ನೊಂದು ಬೀದಿಯ ಪಾರ್ಲರಿನಲ್ಲಿ ಕೂತಿರಬಹುದು, ಅಥವಾ ನಿಜವಾಗಿಯೂ ಬರುವವರೇ ಇದ್ದು ಮನೆಯಲ್ಲಿ ಪರೀಕ್ಷೆ, ಹೆರಿಗೆ, ಸೂತಕ ಏನೋ ಇರಬಹುದು. ಪುಸ್ತಕದಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ: ಅವರ ಹೆಸರು ಇರುವುದಿಲ್ಲ, ಅಷ್ಟೆ.

ಲೆಕ್ಕಕ್ಕೆ ಕೂರುವ ಮೊದಲು ಪುಸ್ತಕ ಲೆಕ್ಕಕ್ಕೆ ಒಗ್ಗುವಂತಿರಬೇಕು. ‘ಸವಿತಾ’ ಎಂದು ಬರೆದರೆ ಊರಿನಲ್ಲಿ ಎಷ್ಟು ಸವಿತಾಗಳು? ಈ ವಾರ ‘ಬ್ಯಾಂಕ್ ಮೇಡಂ’ ಆದವರು ಹೋದ ತಿಂಗಳು ಸಹಾಯಕಿ ಬರೆದಾಗ ‘ಕೆನರಾ ಆಂಟಿ’ ಆಗಿದ್ದರೆ ಒಬ್ಬರೇ ಇಬ್ಬರಾಗುತ್ತಾರೆ. ಒಬ್ಬರು ಹೋದಂತೆ, ಇನ್ನೊಬ್ಬರು ಹೊಸದಾಗಿ ಬಂದಂತೆ ಲೆಕ್ಕ ತೋರುತ್ತದೆ. ಆದ್ದರಿಂದ ಗಿರಾಕಿಯ ಗುರುತು ಹೆಸರಲ್ಲ, 10 ಅಂಕಿಯ ಮೊಬೈಲ್ ನಂಬರು. ಅದನ್ನೂ ಒಂದೇ ರೀತಿ ಬರೆಯಬೇಕು, ಒಮ್ಮೆ +91 ಸೇರಿಸಿ ಒಮ್ಮೆ ಬಿಟ್ಟರೆ ಕಂಪ್ಯೂಟರ್ ಅವರನ್ನು ಎರಡು ಜನ ಎಂದೇ ಎಣಿಸುತ್ತದೆ. ಅಮ್ಮನ ನಂಬರಿನಲ್ಲಿ ಇಬ್ಬರು ಹೆಣ್ಣುಮಕ್ಕಳೂ ಬರುತ್ತಿದ್ದರೆ ಆ ಮನೆಯನ್ನೇ ಒಂದು ಗಿರಾಕಿ ಎಂದು ಹಿಡಿಯಬಹುದು, ತಪ್ಪೇನಿಲ್ಲ. ಆದರೆ ಒಮ್ಮೆ ಹಾಗೆ ಹಿಡಿದರೆ ಕೊನೆಯವರೆಗೂ ಹಾಗೇ ಹಿಡಿಯಬೇಕು.

ಇನ್ನೊಂದು ಕಾಲಂ ಬಹಳ ಪುಸ್ತಕಗಳಲ್ಲಿ ಇರುವುದೇ ಇಲ್ಲ: ಬಂದರೋ ಇಲ್ಲವೋ. ಅಪಾಯಿಂಟ್‌ಮೆಂಟ್ ಎಂದರೆ ಬರುತ್ತೇನೆಂಬ ಮಾತು ಮಾತ್ರ. ಫೋನಿನಲ್ಲಿ 4 ಗಂಟೆಗೆ ಹೇಳಿ ಬಾರದವರ ಹೆಸರೂ ಪುಟದಲ್ಲಿ ಉಳಿದುಬಿಡುತ್ತದೆ. ಮೂರು ತಿಂಗಳು ಕಳೆದ ಮೇಲೆ ಅವರು ಬಂದಿದ್ದರೋ ಇಲ್ಲವೋ ಯಾರಿಗೂ ನೆನಪಿರುವುದಿಲ್ಲ. ಕೆಲಸ ಮುಗಿದು ದುಡ್ಡು ಕೈಗೆ ಬಂದ ಮೇಲೆ, ನಿಜವಾಗಿ ಕೊಟ್ಟ ಮೊತ್ತವನ್ನು ಬರೆಯುವುದು ಇದಕ್ಕೆ ಅತ್ಯಂತ ಸುಲಭದ ಉಪಾಯ. ಮೊತ್ತವಿಲ್ಲದ ಸಾಲು ಎಂದರೆ ಬರಲಿಲ್ಲ ಎಂದರ್ಥ. ತಾರೀಖು, ನಂಬರು, ಕೆಲಸ, ಮೊತ್ತ, ಈ ನಾಲ್ಕು ಕಾಲಂ ಇದ್ದರೆ ಸಾಕು.

ಇನ್ನು ಲೆಕ್ಕ. ಇಲ್ಲಿ ಹಿಡಿದಿರುವ ಪಾರ್ಲರ್ ವಿವರಣೆಗೆಂದು ಕಟ್ಟಿಕೊಂಡದ್ದು, ಅಂಕಿಗಳೂ ಮಾದರಿ ಅಂಕಿಗಳು. ಜಿಲ್ಲಾ ಕೇಂದ್ರವೊಂದರ ಬಡಾವಣೆಯಲ್ಲಿ ಒಡತಿ, ಒಬ್ಬ ಸಹಾಯಕಿ, ಎರಡು ಕುರ್ಚಿ. 2025ರ ಜನವರಿಯಿಂದ ಮಾರ್ಚ್‌ವರೆಗೆ ಅವರ ಪುಸ್ತಕದಲ್ಲಿ ಬೇರೆ ಬೇರೆ 120 ನಂಬರುಗಳು. ಏಪ್ರಿಲ್‌ನಿಂದ ಜೂನ್‌ವರೆಗೆ 130 ನಂಬರುಗಳು. ‘ಹತ್ತು ಜನ ಹೆಚ್ಚಾದರು’ ಎಂದು ಒಡತಿಗೆ ಖುಷಿ. ಆದರೆ ಮೊದಲಿನ 120 ನಂಬರುಗಳನ್ನು ಒಂದೊಂದಾಗಿ ಎರಡನೇ ಪಟ್ಟಿಯಲ್ಲಿ ಹುಡುಕಿದರೆ ಸಿಕ್ಕಿದ್ದು 72 ಮಾತ್ರ. 120ರಲ್ಲಿ 72, ಅಂದರೆ ಶೇ. 60. ಇದೇ ಗಿರಾಕಿಗಳ ಉಳಿಕೆ. ಉಳಿದ 48 ಜನ ಆ ಮೂರು ತಿಂಗಳಲ್ಲಿ ಒಮ್ಮೆಯೂ ಬಂದಿಲ್ಲ.

ಇಲ್ಲಿ ಒಂದು ಅಡ್ಡದಾರಿ ಇದೆ, ಬಹಳ ಜನ ಅದರಲ್ಲೇ ಹೋಗುತ್ತಾರೆ. ಮಾರ್ಕೆಟಿಂಗ್ ಪಾಠಗಳಲ್ಲಿ ಹೇಳಿಕೊಡುವ ಸೂತ್ರ ಹೀಗಿದೆ: ಕೊನೆಯಲ್ಲಿರುವ ಗಿರಾಕಿಗಳಿಂದ ಹೊಸಬರನ್ನು ಕಳೆದು, ಬಂದದ್ದನ್ನು ಮೊದಲಿದ್ದವರ ಸಂಖ್ಯೆಯಿಂದ ಭಾಗಿಸಿ. ಹೆಸರು ಹುಡುಕುವ ತಾಪತ್ರಯವಿಲ್ಲ, ಮೂರು ಅಂಕಿ ಇದ್ದರೆ ಮುಗಿಯಿತು. ನಮ್ಮ ಪಾರ್ಲರಿನ 130 ಜನರಲ್ಲಿ ಮೊಟ್ಟಮೊದಲ ಬಾರಿಗೆ ಬಂದವರು 44. ಕಳೆದರೆ 86. ಅದನ್ನು 120ರಿಂದ ಭಾಗಿಸಿದರೆ ಶೇ. 72 ಹತ್ತಿರ ಬರುತ್ತದೆ. ಎಣಿಸಿ ನೋಡಿದಾಗ 60, ಸೂತ್ರ ಹಾಕಿದಾಗ 72. ಆ 12 ಎಲ್ಲಿಂದ ಬಂತು?

ಬೇಸಗೆ ರಜೆಯಿಂದ ಬಂತು. ಏಪ್ರಿಲ್‌ನಿಂದ ಜೂನ್‌ವರೆಗೆ ಬಂದವರಲ್ಲಿ 14 ಜನ ಹೊಸಬರೂ ಅಲ್ಲ, ಜನವರಿಯಿಂದ ಮಾರ್ಚ್‌ವರೆಗೆ ಬಂದವರೂ ಅಲ್ಲ. ಮದುವೆಯಾಗಿ ಬೆಂಗಳೂರು ಸೇರಿದವರು, ಹಾಸ್ಟೆಲಿನಲ್ಲಿದ್ದು ಓದುವವರು ರಜೆಗೆ ತವರಿಗೆ ಬಂದಾಗ ಹಳೇ ಪಾರ್ಲರಿಗೇ ಬಂದಿದ್ದಾರೆ. ಸೂತ್ರಕ್ಕೆ ಅವರು ಗೊತ್ತಿಲ್ಲ. ಹೊಸಬರಲ್ಲದ್ದರಿಂದ ಎಲ್ಲರೂ ಉಳಿದವರೇ ಎಂದು ಅವರನ್ನೂ ಸೇರಿಸಿಕೊಂಡಿತು. ಚಂದಾ ಕಟ್ಟುವ ವ್ಯವಹಾರದಲ್ಲಿ, ಬಿಟ್ಟವರು ಬಿಟ್ಟೇ ಬಿಡುವ ಕಡೆ, ಆ ಸೂತ್ರ ಸರಿಯೇ. ಬರುವುದು ಹೋಗುವುದು ಗಿರಾಕಿಯ ಇಷ್ಟಕ್ಕೆ ಬಿಟ್ಟಿರುವ ಕಡೆ ನಂಬರು ನಂಬರನ್ನೇ ಹುಡುಕದೆ ಬೇರೆ ದಾರಿಯಿಲ್ಲ.

ಹುಡುಕಲು ಕಂಪ್ಯೂಟರೇ ಬೇಕೆಂದಿಲ್ಲ. ಒಂದು ಉದ್ದ ಹಾಳೆಯಲ್ಲಿ ಪ್ರತಿ ನಂಬರನ್ನೂ ಒಮ್ಮೆ ಬರೆದು, ಪಕ್ಕದಲ್ಲಿ ಎರಡು ಮನೆ ಎಳೆದು, ಪುಟ ತಿರುವುತ್ತಾ ಬಂದಾಗಲೆಲ್ಲ ಗೀಟು ಹಾಕುತ್ತಾ ಹೋದರೆ ಆಯಿತು. 120 ಜನರ ಪಟ್ಟಿಗೆ ಒಂದು ಭಾನುವಾರ ಮಧ್ಯಾಹ್ನ ಸಾಕು. ಮೊಬೈಲಿನಲ್ಲಿ ಗೂಗಲ್ ಶೀಟ್ಸ್ ಬಳಸಬಲ್ಲವರಿಗೆ ಇನ್ನೂ ಸುಲಭ. A ಕಾಲಂನಲ್ಲಿ ತಾರೀಖು, B ಯಲ್ಲಿ ನಂಬರು, C ಯಲ್ಲಿ ಕೆಲಸ, D ಯಲ್ಲಿ ಮೊತ್ತ ಇದ್ದರೆ, F2 ಮನೆಯಲ್ಲಿ ಬರೆಯುವ ಮೊದಲ ಸಾಲು ಎಲ್ಲ ನಂಬರುಗಳನ್ನೂ ಒಂದೊಂದೇ ಬಾರಿ ಪಟ್ಟಿ ಮಾಡುತ್ತದೆ. G2 ಮತ್ತು H2 ಗಳಲ್ಲಿ ಬರೆಯುವ ಸಾಲುಗಳು ಆಯಾ ಮೂರು ತಿಂಗಳಲ್ಲಿ ಆ ನಂಬರು ಎಷ್ಟು ಸಲ ಬಂದಿದೆ ಎಂದು ಎಣಿಸುತ್ತವೆ, ಅವನ್ನು ಕೆಳಗಿನವರೆಗೆ ಎಳೆಯಬೇಕು. ಕೊನೆಯ ಸಾಲು ಉಳಿಕೆಯನ್ನು ಕೊಡುತ್ತದೆ.

```
=UNIQUE(FILTER(B2:B, D2:D>0))
=COUNTIFS(B:B,F2, D:D,">0", A:A,">="&DATE(2025,1,1), A:A,"<="&DATE(2025,3,31))
=COUNTIFS(B:B,F2, D:D,">0", A:A,">="&DATE(2025,4,1), A:A,"<="&DATE(2025,6,30))
=COUNTIFS(G2:G,">0", H2:H,">0") / COUNTIF(G2:G,">0")
```

ಶೀಟಿನಲ್ಲಿ ಎಚ್ಚರವಿರಬೇಕಾದದ್ದು ತಾರೀಖಿನ ಬಗ್ಗೆ. ನಾವು 5/3 ಎಂದು ಬರೆದರೆ ಮಾರ್ಚ್ 5. ಶೀಟಿನ Locale ಅಮೆರಿಕಕ್ಕೆ ಹೊಂದಿಸಿದ್ದರೆ ಅದಕ್ಕೆ ಅದು ಮೇ 3. ತಪ್ಪು ತಿಂಗಳಿಗೆ ಹೋಗಿ ಕೂತ ಸಾಲುಗಳು ಯಾವ ಸದ್ದನ್ನೂ ಮಾಡುವುದಿಲ್ಲ, ಉತ್ತರ ಮಾತ್ರ ತಪ್ಪಿರುತ್ತದೆ. ಜೂನ್ ಮುಗಿಯುವ ಹೊತ್ತಿಗೇ ನಿಮ್ಮ ಪಟ್ಟಿಯಲ್ಲಿ ಅಕ್ಟೋಬರ್, ಡಿಸೆಂಬರ್ ತಾರೀಖುಗಳು ಕಂಡರೆ ಇದೇ ಆಗಿದೆ ಎಂದು ತಿಳಿಯಿರಿ. File ಒಳಗಿನ Settings ನಲ್ಲಿ ದೇಶವನ್ನು India ಮಾಡಿಕೊಂಡು ತಾರೀಖುಗಳನ್ನು ಮತ್ತೆ ತುಂಬಿಸಬೇಕು.

ಶೇ. 60 ಎಂದು ಬಂತು. ಒಳ್ಳೆಯದೋ ಕೆಟ್ಟದ್ದೋ? ಈ ಒಂದು ಅಂಕಿಯಿಂದ ಹಾಗೆ ಹೇಳಲು ಬರುವುದಿಲ್ಲ, ಅದನ್ನು ಒಡೆದು ನೋಡಬೇಕು. ಜನವರಿಯಿಂದ ಮಾರ್ಚ್‌ವರೆಗಿನ 120 ಜನರಲ್ಲಿ 70 ಮಂದಿ ಹಳಬರು, ಹಿಂದಿನ ವರ್ಷದ ಪುಸ್ತಕದಲ್ಲೂ ಇದ್ದವರು. 50 ಮಂದಿ ಹೊಸಬರು. ಹಳಬರಲ್ಲಿ 56 ಜನ ಮತ್ತೆ ಬಂದಿದ್ದಾರೆ, ಶೇ. 80. ಹೊಸಬರಲ್ಲಿ ಬಂದದ್ದು ಬರೀ 16, ಶೇ. 32. ಎರಡೂ ಸೇರಿ 72 ಆಗಿ ಶೇ. 60 ಎಂದು ಕಂಡಿತ್ತು. ಈಗ ಕತೆಯೇ ಬೇರೆ. ಖಾಯಂ ಗಿರಾಕಿಗಳಿಗೆ ಪಾರ್ಲರಿನ ಮೇಲೆ ಬೇಸರವೇನಿಲ್ಲ. ಮೊದಲ ಸಲ ಬಂದವರು ಎರಡನೇ ಸಲ ಬರುತ್ತಿಲ್ಲ.

ಆ 50 ಹೊಸಬರ ಸಾಲುಗಳಿಗೆ ಹಿಂತಿರುಗಿ ಅವರು ಯಾವ ಕೆಲಸಕ್ಕೆ ಬಂದಿದ್ದರು ಎಂದು ನೋಡಿದರೆ ಇನ್ನೂ ಒಂದು ಸಂಗತಿ ಕಾಣುತ್ತದೆ. ಸಂಕ್ರಾಂತಿಗೆ ‘ಫೇಶಿಯಲ್ ಮತ್ತು ಐಬ್ರೋ ಸೇರಿ 299’ ಎಂದು ಬ್ಯಾನರ್ ಕಟ್ಟಿಸಿ, ವಾಟ್ಸಾಪ್ ಸ್ಟೇಟಸ್ ಹಾಕಿದ್ದರು. ಅದನ್ನು ನೋಡಿ ಬಂದವರು 18. ಅವರಲ್ಲಿ ಮತ್ತೆ ಬಂದವರು ಇಬ್ಬರೇ. ಆಫರ್ ಇಲ್ಲದೆ, ಪಕ್ಕದ ಮನೆಯವರು ಹೇಳಿಯೋ ಬೋರ್ಡು ನೋಡಿಯೋ ಬಂದ 32 ಜನರಲ್ಲಿ 14 ಮಂದಿ ಮತ್ತೆ ಬಂದಿದ್ದಾರೆ, ಶೇ. 44 ಹತ್ತಿರ. 299 ರೂಪಾಯಿಗೆ ಬಂದವರು 299 ರೂಪಾಯಿಗೇ ಬಂದಿದ್ದರು ಎನ್ನಬಹುದು. ಆದರೂ ಇಲ್ಲಿ ತುಸು ತಡೆದು ಮಾತಾಡಬೇಕು. 18 ಜನರಲ್ಲಿ ಒಬ್ಬರೆಂದರೆ ಶೇ. 5.6. ಇನ್ನಿಬ್ಬರು ಬಂದಿದ್ದರೆ ಶೇ. 11 ಎಂಬುದು ಶೇ. 22 ಆಗಿಬಿಡುತ್ತಿತ್ತು. ಇಷ್ಟು ಸಣ್ಣ ಗುಂಪಿನಲ್ಲಿ ಅಂಕಿ ಎತ್ತ ವಾಲಿದೆ ಎಂದು ನೋಡಬಹುದು, ಎಷ್ಟು ವಾಲಿದೆ ಎಂದು ಪಣ ಕಟ್ಟಬಾರದು. ಇನ್ನೊಂದು ಹಬ್ಬದ ಆಫರ್‌ನಲ್ಲೂ ಹೀಗೇ ಆದರೆ ಆಗ ಬ್ಯಾನರಿನ ದುಡ್ಡು ಉಳಿಸಬಹುದು.

ಗಿರಾಕಿ ಉಳಿಸಿಕೊಳ್ಳುವುದರ ಲಾಭ ಹೇಳುವವರು ಸಾಮಾನ್ಯವಾಗಿ ಒಂದು ಅಂಕಿಯನ್ನು ಉದುರಿಸುತ್ತಾರೆ: ಬಿಟ್ಟುಹೋಗುವವರನ್ನು ಶೇ. 5 ಕಡಿಮೆ ಮಾಡಿದರೆ ಲಾಭ ಶೇ. 25ರಿಂದ 85ರಷ್ಟು ಏರುತ್ತದೆ ಎಂದು. ಇದು ಫ್ರೆಡ್ರಿಕ್ ರೈಕ್‌ಹೆಲ್ಡ್ ಮತ್ತು ಅರ್ಲ್ ಸ್ಯಾಸರ್ 1990ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಬರೆದ ಲೇಖನದ್ದು. ಅವರು ನೋಡಿದ್ದು ಕ್ರೆಡಿಟ್ ಕಾರ್ಡ್, ಬ್ಯಾಂಕ್ ಠೇವಣಿ, ವಿಮೆ, ಕಾರ್ ಸರ್ವೀಸ್ ಸರಣಿಗಳಂಥ ವ್ಯವಹಾರಗಳನ್ನು. ಎರಡು ಕುರ್ಚಿಯ ಪಾರ್ಲರಿಗೆ ಆ ಅಂಕಿಯನ್ನು ತಂದು ಅಂಟಿಸುವುದು ಊರಹಬ್ಬದ ಅಡುಗೆಯ ಅಳತೆಯಲ್ಲಿ ಮನೆಯ ಸಾರಿಗೆ ಉಪ್ಪು ಹಾಕಿದಂತೆ. ನಿಮ್ಮ ಅಂಗಡಿಯ ಅಂಕಿ ನಿಮ್ಮ ಪುಸ್ತಕದಲ್ಲೇ ಇರುವಾಗ ಅದರ ಅಗತ್ಯವೂ ಇಲ್ಲ.

ಹೊಸಬರ ವಿಷಯದಲ್ಲಿ ಇನ್ನೊಂದು ತಪ್ಪು ಎಷ್ಟು ಸಲೀಸಾಗಿ ಆಗುತ್ತದೆಂದರೆ, ಲೆಕ್ಕ ಬಲ್ಲವರೂ ಮಾಡುತ್ತಾರೆ. ಜೂನ್ 30ರ ರಾತ್ರಿ ಒಡತಿ ಕೂತು, ಏಪ್ರಿಲ್‌ನಿಂದ ಬಂದ 44 ಹೊಸಬರಲ್ಲಿ ಎಷ್ಟು ಜನ ಎರಡನೇ ಸಲ ಬಂದಿದ್ದಾರೆಂದು ಎಣಿಸುತ್ತಾರೆ. ಬರೀ 9. ಶೇ. 20. ‘ಹೋದ ಸಲ 32 ಇತ್ತು, ಈ ಸಲ ಇನ್ನೂ ಕೆಟ್ಟಿತು’ ಎಂದು ಗಾಬರಿ. ಆದರೆ ಆ 44ರಲ್ಲಿ 18 ಜನ ಮೊದಲು ಬಂದದ್ದೇ ಜೂನ್ ತಿಂಗಳಲ್ಲಿ. 20ನೇ ತಾರೀಖು ಹುಬ್ಬು ತೆಗೆಸಿಕೊಂಡು ಹೋದವರು 30ನೇ ತಾರೀಖಿಗೆ ಮತ್ತೆ ಬರಬೇಕೆಂದರೆ ಕೂದಲಾದರೂ ಬೆಳೆಯಬೇಡವೇ? ಬಂದು ಹತ್ತು ದಿನವಾದವರನ್ನೂ 90 ದಿನವಾದವರನ್ನೂ ಒಂದೇ ತಕ್ಕಡಿಗೆ ಹಾಕಿದ ತಪ್ಪು ಇದು. ಎಲ್ಲರಿಗೂ ಒಂದೇ ಗಡುವು ಕೊಡಬೇಕು, ಆ ಗಡುವು ಎಲ್ಲರಿಗೂ ಮುಗಿದ ಮೇಲೆ ಎಣಿಸಬೇಕು.

ಹಾಗಾದರೆ ಗಡುವು ಎಷ್ಟು? ಇದಕ್ಕೆ ಉತ್ತರ ಕೊಡುವುದು ವ್ಯಾಪಾರಶಾಸ್ತ್ರವಲ್ಲ, ಕೂದಲು. ತಲೆಗೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಕಲರ್ ಹಾಕಿಸಿಕೊಂಡವರಿಗೆ ಒಂದು, ಒಂದೂವರೆ ತಿಂಗಳಲ್ಲಿ ಬುಡದ ಬಿಳಿ ಕಾಣಿಸುತ್ತದೆ. ಹುಬ್ಬಿಗೆ ಮೂರು ನಾಲ್ಕು ವಾರ, ವ್ಯಾಕ್ಸಿಂಗ್‌ಗೆ ಹೆಚ್ಚುಕಡಿಮೆ ಒಂದು ತಿಂಗಳು. ಹೇರ್ ಕಟ್‌ಗೆ ಎರಡು ಮೂರು ತಿಂಗಳು ಬೇಕು. ಕೂದಲು ಸ್ಟ್ರೇಟ್ ಮಾಡಿಸಿಕೊಂಡವರು ಆರು ತಿಂಗಳು ಆ ಕಡೆ ತಲೆ ಹಾಕದಿದ್ದರೆ ಅದು ಸಹಜ. ಇವರೆಲ್ಲರಿಗೂ ‘90 ದಿನ ಬಾರದಿದ್ದರೆ ಹೋದಂತೆ’ ಎಂಬ ಒಂದೇ ನಿಯಮ ಹಾಕಿದರೆ ಸ್ಟ್ರೇಟನಿಂಗ್‌ನವರನ್ನು ಸುಮ್ಮನೆ ಕಳೆದುಕೊಂಡೆವೆಂದು ದುಃಖಪಡುತ್ತೇವೆ, ಐಬ್ರೋದವರು ಹೋಗಿ ಎರಡು ತಿಂಗಳಾದರೂ ಇದ್ದಾರೆಂದೇ ನಂಬಿರುತ್ತೇವೆ.

ಇದಕ್ಕಿಂತ ನಿಖರವಾದದ್ದು ಆಯಾ ಗಿರಾಕಿಯ ನಡೆಯನ್ನೇ ಅಳತೆಗೋಲು ಮಾಡಿಕೊಳ್ಳುವುದು. ಒಂದು ನಂಬರಿನ ಮುಂದೆ ಜನವರಿ 4, ಜನವರಿ 31, ಮಾರ್ಚ್ 1, ಮಾರ್ಚ್ 28 ಎಂದಿದೆ ಎನ್ನೋಣ. ನಡುವಿನ ದಿನಗಳು 27, 29, 27. ಹುಣ್ಣಿಮೆ ಅಮಾವಾಸ್ಯೆಯಷ್ಟು ಕರಾರುವಾಕ್ಕಾದ ಹೆಂಗಸು. ಇವರ ಹೆಸರು ಏಪ್ರಿಲ್ ಕೊನೆಗೆ ಬರಬೇಕಿತ್ತು, ಮೇ 15 ಆದರೂ ಇಲ್ಲ. 48 ದಿನವಾಯಿತು. ಮೂರು ತಿಂಗಳ ಲೆಕ್ಕದಲ್ಲಿ ಇವರಿನ್ನೂ ‘ಕಳೆದುಹೋದವರ’ ಪಟ್ಟಿಗೆ ಬಂದಿಲ್ಲ, ಬರಲು ಜೂನ್ ಮುಗಿಯಬೇಕು. ಆದರೆ ಫೋನ್ ಮಾಡಿ ‘ಅಕ್ಕಾ, ಕಾಣಿಸಲೇ ಇಲ್ವಲ್ಲ’ ಎಂದು ಕೇಳಬೇಕಾದದ್ದು ಈಗ. ಮಾಮೂಲಿ ಅಂತರದ ಒಂದೂವರೆ ಪಟ್ಟು ದಾಟಿದರೆ ಒಂದು ಚುಕ್ಕೆ ಇಡುವುದು, ಎರಡು ಪಟ್ಟು ದಾಟಿದರೆ ಹೋದರೆಂದು ಬರೆದುಕೊಳ್ಳುವುದು, ಇಷ್ಟು ಸಾಕು.

ಈ ಯೋಚನೆಗೆ ಹಿಂದೆ ಗಟ್ಟಿ ಗಣಿತವೂ ಇದೆ. ಹೇಳದೆ ಹೋಗುವ ಗಿರಾಕಿಗಳನ್ನು ಹೇಗೆ ಎಣಿಸುವುದೆಂದು ಡೇವಿಡ್ ಶ್ಮಿಟ್ಲೈನ್, ಡೊನಾಲ್ಡ್ ಮಾರಿಸನ್, ರಿಚರ್ಡ್ ಕೊಲಂಬೊ ಎಂಬ ಮೂವರು 1987ರಲ್ಲಿ ಮ್ಯಾನೇಜ್‌ಮೆಂಟ್ ಸೈನ್ಸ್ ಪತ್ರಿಕೆಯಲ್ಲಿ ಒಂದು ಪ್ರಬಂಧ ಬರೆದರು. ಗಿರಾಕಿ ಇನ್ನೂ ನಮ್ಮವರೇ ಆಗಿರುವ ಸಂಭವ ಎಷ್ಟು ಎಂದು ಅಂದಾಜು ಮಾಡಲು ಅವರಿಗೆ ಪ್ರತಿ ಗಿರಾಕಿಯ ಬಗ್ಗೆ ಮೂರೇ ಸಂಗತಿ ಸಾಕಾಯಿತು: ಎಷ್ಟು ಸಲ ಬಂದರು, ಕೊನೆಗೆ ಬಂದದ್ದು ಯಾವಾಗ, ನಾವು ಅವರನ್ನು ಗಮನಿಸುತ್ತಿರುವುದು ಎಷ್ಟು ಕಾಲದಿಂದ. ವಯಸ್ಸು, ಸಂಬಳ, ಮನೆ ಎಲ್ಲಿ, ಏನೂ ಬೇಡ. ಅದರಿಂದ ಬರುವ ಒಂದು ಫಲ ಮೊದಲು ಕೇಳಿದಾಗ ತಲೆಕೆಳಗಾದಂತೆ ಅನಿಸುತ್ತದೆ. ಇಬ್ಬರು ಗಿರಾಕಿಗಳು ಮೂರು ತಿಂಗಳಿಂದ ಬಂದಿಲ್ಲ. ಒಬ್ಬರು ಅದಕ್ಕೆ ಮೊದಲು ಹತ್ತು ಸಲ ಬಂದಿದ್ದವರು, ಇನ್ನೊಬ್ಬರು ಎರಡೇ ಸಲ. ಕೈತಪ್ಪಿ ಹೋಗಿರುವ ಸಂಭವ ಯಾರದು ಹೆಚ್ಚು? ಹತ್ತು ಸಲ ಬಂದವರದು. ಅಪರೂಪಕ್ಕೆ ಬರುವವರಿಗೆ ಮೂರು ತಿಂಗಳ ಮೌನ ಮಾಮೂಲು. ತಿಂಗಳು ತಪ್ಪದವರ ಮೌನಕ್ಕೆ ಏನೋ ಕಾರಣವಿರಬೇಕು. ಅಂಗಡಿಯವರ ಮನಸ್ಸು ಮಾತ್ರ ‘ಅವರು ನಮ್ಮ ಖಾಯಂ, ಎಲ್ಲಿ ಹೋಗ್ತಾರೆ’ ಎಂದುಕೊಂಡು ಅವರನ್ನೇ ಕೊನೆಗೆ ನೆನಪಿಸಿಕೊಳ್ಳುತ್ತದೆ.

ಇನ್ನು ಎರಡನೇ ಪ್ರಶ್ನೆ, ದುಡ್ಡಿನದು. ಜನವರಿಯಿಂದ ಮಾರ್ಚ್‌ವರೆಗೆ ಪಾರ್ಲರಿಗೆ ಬಂದದ್ದು 1,14,000 ರೂಪಾಯಿ. 120 ಜನ, ಒಟ್ಟು 240 ಭೇಟಿ. ತಲಾ 950 ರೂಪಾಯಿ, ಭೇಟಿಗೆ 475. ಈ ಎರಡನ್ನು ಒಂದೇ ಎಂದುಕೊಳ್ಳುವವರು ಬಹಳ. ಒಂದು ಸಲದ ಬಿಲ್ಲು ಬೇರೆ, ಒಬ್ಬರು ಮೂರು ತಿಂಗಳಲ್ಲಿ ಕೊಟ್ಟದ್ದು ಬೇರೆ. ಒಂದನ್ನು ಭೇಟಿಯ ಸಂಖ್ಯೆಯಿಂದ ಗುಣಿಸಿದರೆ ಇನ್ನೊಂದು ಬರುತ್ತದೆ, ಈ ಸಂಬಂಧವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಏಪ್ರಿಲ್‌ನಿಂದ ಜೂನ್‌ವರೆಗೆ ಬಂದದ್ದು 1,30,000 ರೂಪಾಯಿ, 130 ಜನ. ತಲಾ ಸರಿಯಾಗಿ 1,000. ಸರಾಸರಿ 50 ರೂಪಾಯಿ ಏರಿದೆ. ಒಡತಿಗೆ ಮತ್ತೆ ಖುಷಿ.

ಪುಸ್ತಕದಲ್ಲಿ ದೊಡ್ಡ ಮೊತ್ತಗಳ ಮೇಲೆ ಬೆರಳಾಡಿಸಿದರೆ ಆ ಖುಷಿ ಇಳಿಯುತ್ತದೆ. ಮೊದಲ ಮೂರು ತಿಂಗಳಲ್ಲಿ ಮೂವರು ಮದುಮಕ್ಕಳ ಮೇಕಪ್ ಆಗಿದೆ, ಒಬ್ಬೊಬ್ಬರದು 12,000. ಆಮೇಲಿನ ಮೂರು ತಿಂಗಳಲ್ಲಿ ಮುಹೂರ್ತಗಳು ಜಾಸ್ತಿ, ಐವರು ಮದುಮಕ್ಕಳು. ಮದುವೆಯ ದುಡ್ಡನ್ನೂ ಮದುಮಕ್ಕಳನ್ನೂ ಪಕ್ಕಕ್ಕಿಟ್ಟರೆ ಮೊದಲ ಅವಧಿಯಲ್ಲಿ ಉಳಿಯುವುದು 117 ಜನರಿಂದ 78,000, ತಲಾ 667 ರೂಪಾಯಿ. ಎರಡನೇ ಅವಧಿಯಲ್ಲಿ 125 ಜನರಿಂದ 70,000, ತಲಾ 560. ಏರಿದೆ ಎಂದುಕೊಂಡದ್ದು ಅಸಲಿಗೆ ನೂರು ರೂಪಾಯಿಗೂ ಹೆಚ್ಚು ಇಳಿದಿದೆ. ಮದುಮಗಳು ಒಳ್ಳೆಯ ಗಿರಾಕಿಯೇ, ಆದರೆ ಮದುವೆಯ ಮೇಕಪ್‌ಗೆ ಆಕೆ ಮುಂದಿನ ತಿಂಗಳು ಮತ್ತೆ ಬರುವುದಿಲ್ಲ. ಆಕೆಯ ದುಡ್ಡು ಬೇರೆ ಸಾಲಿನಲ್ಲೇ ಇರಬೇಕು.

ಮದುಮಕ್ಕಳನ್ನು ಬೇರೆ ಮಾಡಲು ಆಗದಂತೆ ಪುಸ್ತಕ ಕಲಸಿಹೋಗಿದ್ದರೆ ಇನ್ನೊಂದು ಉಪಾಯವಿದೆ. ಎಲ್ಲರ ಖರ್ಚನ್ನೂ ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ಜೋಡಿಸಿ ನಟ್ಟನಡುವಿನ ಗಿರಾಕಿಯ ಮೊತ್ತ ಎಷ್ಟೆಂದು ನೋಡುವುದು. ಶಾಲೆಯಲ್ಲಿ ಮಧ್ಯಾಂಕ ಎಂದು ಕಲಿತದ್ದು ಇದೇ, ಶೀಟಿನಲ್ಲಿ =MEDIAN ಎಂದು ಬರೆದರೆ ಸಿಗುತ್ತದೆ. ಕೊನೆಯಲ್ಲಿ ನಿಂತವರು 12,000 ಕೊಟ್ಟಿರಲಿ, 50,000 ಕೊಟ್ಟಿರಲಿ, ನಡುವೆ ನಿಂತವರ ಮೊತ್ತ ಅದರಿಂದ ಅಲುಗುವುದಿಲ್ಲ.

ಇಳಿದದ್ದೇಕೆ? ಈಗ ಆ ಗುಣಾಕಾರ ಕೆಲಸಕ್ಕೆ ಬರುತ್ತದೆ. ಮೊದಲ ಅವಧಿಯಲ್ಲಿ ಮದುವೆ ಬಿಟ್ಟು 237 ಭೇಟಿ, ಭೇಟಿಗೆ 329 ರೂಪಾಯಿ. ಎರಡನೇ ಅವಧಿಯಲ್ಲಿ 212 ಭೇಟಿ, ಭೇಟಿಗೆ 330. ಬಿಲ್ಲು ಹೆಚ್ಚುಕಡಿಮೆ ಇದ್ದಲ್ಲೇ ಇದೆ. ಯಾರೂ ಅಗ್ಗದ ಕೆಲಸಕ್ಕೆ ಇಳಿದಿಲ್ಲ, ದರದ ಬಗ್ಗೆ ಮುನಿಸಿಕೊಂಡಿಲ್ಲ. ಕಡಿಮೆಯಾದದ್ದು ಬರುವ ಸಲ. ಮೊದಲು ಒಬ್ಬರು ಮೂರು ತಿಂಗಳಲ್ಲಿ ಎರಡು ಸಲ ಬರುತ್ತಿದ್ದರೆ ಈಗ 1.7 ಸಲ. ರಜೆಗೆ ಬಂದು ಒಂದೊಂದೇ ಸಲ ತಲೆ ತೋರಿಸಿದ ಆ 14 ಜನರನ್ನು ತೆಗೆದುಹಾಕಿ ನೋಡಿದರೂ 1.8 ದಾಟುವುದಿಲ್ಲ. ಹಾಗಾಗಿ ರಜೆಯವರನ್ನಷ್ಟೇ ದೂರುವಂತಿಲ್ಲ.

ಕಾರಣ ಹುಡುಕಲು ಮತ್ತೆ ಪುಟಗಳಿಗೇ ಹೋಗಬೇಕು. ಮದುಮಗಳ ಮೇಕಪ್ ಇದ್ದ ದಿನಗಳ ಪುಟ ತೆಗೆದರೆ, ಬೆಳಿಗ್ಗೆ 4 ಗಂಟೆಗೆ ಛತ್ರಕ್ಕೆ ಹೋದ ಒಡತಿ ಮಧ್ಯಾಹ್ನದವರೆಗೂ ಅಂಗಡಿಯಲ್ಲಿಲ್ಲ. ಹಿಂದಿನ ದಿನ ಮೆಹಂದಿ, ಟ್ರಯಲ್. ಆ ಪುಟಗಳಲ್ಲಿ ಬೇರೆ ದಿನಗಳಿಗಿಂತ ಕಡಿಮೆ ಸಾಲುಗಳು, ಒಂದೋ ಎರಡೋ. ಐಬ್ರೋಗೆಂದು ಫೋನ್ ಮಾಡಿದವರಿಗೆ ‘ಇವತ್ತು ಆಗಲ್ಲ, ನಾಳೆ ಬನ್ನಿ’ ಎಂಬ ಉತ್ತರ ಹೋಗಿರಬೇಕು, ಅವರು ನಾಳೆ ಬಂದಿಲ್ಲ. ಐದು ಮದುವೆಗಳಿಂದ 60,000 ಬಂದದ್ದು ಕಣ್ಣಿಗೆ ಕಂಡಿತು. ಬಾರದೆ ಹೋದ ಐಬ್ರೋಗಳು ಯಾವ ಪುಟದಲ್ಲೂ ಇಲ್ಲ. ಮದುವೆ ಒಪ್ಪಿಕೊಳ್ಳಬಾರದು ಎಂದು ಇದರ ಅರ್ಥವಲ್ಲ, ಆ ದಿನಗಳಲ್ಲಿ ಅಂಗಡಿ ನೋಡಿಕೊಳ್ಳಲು ಸಹಾಯಕಿಗೆ ಥ್ರೆಡಿಂಗ್ ಕಲಿಸುವುದೇ ಪರಿಹಾರ ಇರಬಹುದು. ‘ನಂಬರು ಕೊಟ್ಟರೂ ಬರಲಾಗಲಿಲ್ಲ’ ಎಂಬವರನ್ನೂ ಇನ್ನು ಮುಂದೆ ಒಂದು ಮೂಲೆಯಲ್ಲಿ ಬರೆದಿಟ್ಟರೆ ಈ ಊಹೆ ಸರಿಯೋ ತಪ್ಪೋ ಮುಂದಿನ ಮದುವೆ ಕಾಲದಲ್ಲಿ ತಿಳಿಯುತ್ತದೆ.

ಈ ಮೂರು ತಿಂಗಳನ್ನು ಆ ಮೂರು ತಿಂಗಳಿಗೆ ಹೋಲಿಸುವಾಗ ಪಂಚಾಂಗವೂ ಅಡ್ಡ ಬರುತ್ತದೆ. 2024ರಲ್ಲಿ ಯುಗಾದಿ ಏಪ್ರಿಲ್ 9ಕ್ಕೆ ಬಂತು, 2025ರಲ್ಲಿ ಮಾರ್ಚ್ 30ಕ್ಕೆ. ಹಬ್ಬದ ಹಿಂದಿನ ವಾರದ ಸಾಲು ಒಂದು ವರ್ಷ ಏಪ್ರಿಲ್ ಲೆಕ್ಕಕ್ಕೆ ಸೇರಿದರೆ ಇನ್ನೊಂದು ವರ್ಷ ಮಾರ್ಚ್ ಲೆಕ್ಕಕ್ಕೆ. 2025ರ ಏಪ್ರಿಲ್ ಡಲ್ಲಾಗಿ ಕಂಡಿದ್ದರೆ ಅದರಲ್ಲಿ ಯುಗಾದಿಯ ಪಾಲೂ ಇದೆ. ಆಷಾಢದಲ್ಲಿ ಮದುವೆಗಳಿಲ್ಲ, ಶ್ರಾವಣದಲ್ಲಿ ವರಮಹಾಲಕ್ಷ್ಮಿಯ ಗಡಿಬಿಡಿ. ಆದ್ದರಿಂದ ಹಿಂದಿನ ಮೂರು ತಿಂಗಳಿಗಿಂತ ಹಿಂದಿನ ವರ್ಷದ ಇದೇ ಮೂರು ತಿಂಗಳೇ ಹೋಲಿಕೆಗೆ ಮೇಲು, ಅದೂ ಹಬ್ಬ ಯಾವ ಕಡೆ ಬಿದ್ದಿದೆ ಎಂದು ನೋಡಿಕೊಂಡು. ಹಳೆಯ ನೋಟ್‌ಬುಕ್ಕನ್ನು ರದ್ದಿಗೆ ಹಾಕಬಾರದು ಎನ್ನುವುದಕ್ಕೆ ಇದೊಂದೇ ಕಾರಣ ಸಾಕು.

ನಂಬರನ್ನೇ ಕೊಡದೆ ಐವತ್ತು ರೂಪಾಯಿಯ ಐಬ್ರೋ ಮಾಡಿಸಿಕೊಂಡು ಹೋಗುವವರು ಎಲ್ಲ ಪಾರ್ಲರಿನಲ್ಲೂ ಇರುತ್ತಾರೆ. ಅವರು ಈ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಅವರನ್ನು ಸುಮ್ಮನೆ ಬಿಟ್ಟುಬಿಟ್ಟರೆ ತಲಾ ಖರ್ಚು ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಇಂಥವರ ಒಟ್ಟು ಎಷ್ಟೆಂದು ಪುಟದ ಕೆಳಗೆ ದಿನವೂ ಒಂದು ಅಂಕಿ ಬರೆದರೆ, ಲೆಕ್ಕದಿಂದ ಎಷ್ಟು ಭಾಗ ಹೊರಗುಳಿದಿದೆ ಎಂದಾದರೂ ತಿಳಿದಿರುತ್ತದೆ. ನಂಬರಿಗಾಗಿ ಪೀಡಿಸುವುದು ಬೇಡ. ಕೊಟ್ಟವರ ನಂಬರನ್ನು ಸೀರೆ ಮಾರುವ ಗೆಳತಿಗೋ ಚೀಟಿ ನಡೆಸುವವರಿಗೋ ದಾಟಿಸುವುದಂತೂ ಕೂಡದು, ಗಿರಾಕಿ ಹೇಳದೆ ಹೋಗಲು ಅದೂ ಒಂದು ಕಾರಣವಾಗುತ್ತದೆ.

ಏಪ್ರಿಲ್‌ನಿಂದ ಜೂನ್‌ವರೆಗೆ ಬಂದ ಆ 44 ಹೊಸಬರ ಲೆಕ್ಕ ಇನ್ನೂ ಬಾಕಿಯಿದೆ. ಅದನ್ನು ಜನವರಿಯವರ ಜೊತೆ ಸರಿಸಮ ಹೋಲಿಸಲು ಸೆಪ್ಟೆಂಬರ್ 30ರ ಸಂಜೆ ಪುಸ್ತಕ ಮುಚ್ಚುವವರೆಗೆ ಕಾಯಬೇಕು. ಅಲ್ಲಿಯವರೆಗೆ ಆ ಕಾಲಂ ಖಾಲಿ ಬಿಡಿ.